ತುಮಕೂರಿನಲ್ಲಿ ಬಸ್ ಹತ್ತುವುದು ಎಲ್ಲಿ? ಆನ್‌ಲೈನ್ ಟಿಕೆಟ್‌ನ ಪಿಕಪ್ ಪಾಯಿಂಟ್ ಓದುವ ಬಗೆ

ಹಬ್ಬದ ಸಾಲು ರಜೆ ಬಂತೆಂದರೆ ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಪುಣೆ ಕಡೆಗೆ ಹೊರಡುವ ಖಾಸಗಿ ಸ್ಲೀಪರ್ ಬಸ್‌ಗಳೆಲ್ಲ ತುಮಕೂರಿನ ಮೇಲೆಯೇ ಹಾದುಹೋಗುತ್ತವೆ. ತುಮಕೂರಿನವರು ಅವುಗಳನ್ನು ಹಿಡಿಯಲು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಮೊಬೈಲಿನಲ್ಲಿ ಟಿಕೆಟ್ ಮಾಡಿ ಇಲ್ಲೇ ಹತ್ತಬಹುದು. ತೊಡಕು ಶುರುವಾಗುವುದು ‘ಇಲ್ಲೇ’ ಎಂದರೆ ಎಲ್ಲಿ ಎಂಬಲ್ಲಿ. ಟಿಕೆಟ್ ಮಾಡುವಾಗ ತೆರೆಯ ಮೇಲೆ ನಾಲ್ಕೈದು ಹೆಸರುಗಳು ಬರುತ್ತವೆ: ಕ್ಯಾತ್ಸಂದ್ರ, ಕ್ಯಾತ್ಸಂದ್ರ ಟೋಲ್, ಬೈಪಾಸ್, ಬಟವಾಡಿ, ಶಿರಾ ಗೇಟ್. ಅವುಗಳಲ್ಲಿ ಮನೆಗೆ ಹತ್ತಿರವೆನಿಸಿದ್ದನ್ನು ಒತ್ತಿಬಿಡುತ್ತೇವೆ. ರಾತ್ರಿ ಹನ್ನೆರಡಕ್ಕೆ ಲಗೇಜು ಹಿಡಿದು ನಿಂತಾಗ, ಬಸ್ಸು ಇನ್ನೊಂದು ರಸ್ತೆಯಲ್ಲಿ ಹೋಯಿತೆಂದು ತಿಳಿಯುತ್ತದೆ.

ಹಿಂದೆ ಈ ತೊಂದರೆ ಕಡಿಮೆಯಿತ್ತು. ಬಿ.ಎಚ್. ರಸ್ತೆಯ ಏಜೆಂಟರ ಅಂಗಡಿಗೆ ಹೋದರೆ ಅವರು ಚೀಟಿ ಬರೆದುಕೊಟ್ಟು, ಯಾವ ಪೆಟ್ರೋಲ್ ಬಂಕಿನ ಎದುರು, ರಸ್ತೆಯ ಯಾವ ಬದಿಗೆ, ಎಷ್ಟು ಗಂಟೆಗೆ ನಿಲ್ಲಬೇಕು ಎಂದು ಬಾಯಲ್ಲೇ ಹೇಳಿ ಕಳುಹಿಸುತ್ತಿದ್ದರು. ಈಗ ಆ ಮಾತಿನ ಜಾಗದಲ್ಲಿ ಎರಡು ಪದದ ಒಂದು ಹೆಸರು ಮಾತ್ರ ಉಳಿದಿದೆ.

ಈ ಹೆಸರುಗಳನ್ನು ಬರೆಯುವವರು ಯಾರು?

ನಾವು ಟಿಕೆಟ್ ಕೊಳ್ಳುವ ಆ್ಯಪ್ ಅಥವಾ ಜಾಲತಾಣ ಸಾಮಾನ್ಯವಾಗಿ ಬಸ್ಸಿನ ಮಾಲೀಕನಲ್ಲ, ಮಧ್ಯವರ್ತಿ. ಬಸ್ಸು ಓಡಿಸುವ ಟ್ರಾವೆಲ್ಸ್‌ನವರು ತಮ್ಮ ಬುಕಿಂಗ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಬಸ್ಸಿಗೂ ಹತ್ತುವ ಜಾಗಗಳ ಪಟ್ಟಿಯನ್ನು ತಾವೇ ತುಂಬುತ್ತಾರೆ. ಹೆಸರು, ವೇಳೆ, ಗುರುತಿನ ಜಾಗ, ಫೋನ್ ಸಂಖ್ಯೆ ಎಲ್ಲ ಅಲ್ಲಿಂದಲೇ ಬರುತ್ತವೆ. ಆ್ಯಪ್ ಅದನ್ನು ಹಾಗೆಯೇ ಎತ್ತಿ ತೋರಿಸುತ್ತದೆ. ಹಾಗಾಗಿ ಒಂದೇ ಜಾಗವನ್ನು ಒಬ್ಬ ಟ್ರಾವೆಲ್ಸ್‌ನವರು `Kyathsandra` ಎಂದು ಬರೆದರೆ ಇನ್ನೊಬ್ಬರು `Tumkur Bypass` ಎನ್ನುತ್ತಾರೆ, ಮೂರನೆಯವರು ಬರಿದೇ `Tumkur` ಎಂದು ಬರೆದು ಸುಮ್ಮನಾಗುತ್ತಾರೆ. ಕಳೆದ ಸಲ ಬೈಪಾಸ್ ಎಂದರೆ ಇಂಥ ಜಾಗವಾಗಿತ್ತು ಎಂಬ ನಿಮ್ಮ ಅನುಭವ ಬೇರೆ ಟ್ರಾವೆಲ್ಸ್‌ನ ಬಸ್ಸಿಗೆ ಹೊಂದಬೇಕೆಂದಿಲ್ಲ.

ಟಿಕೆಟ್‌ನ ಜೊತೆ ಬರುವ ನಕ್ಷೆಯ ಗುರುತನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಪಟ್ಟಿ ತುಂಬುವಾಗ ನಿಖರ ಜಾಗ ಹಾಕದೆ ಬರೀ ಊರಿನ ಹೆಸರು ಕೊಟ್ಟಿದ್ದರೆ ಆ ಗುರುತು ಊರಿನ ನಡುವೆ ಎಲ್ಲೋ ಬೀಳುತ್ತದೆ. ಗುರುತು ಟೌನ್‌ಹಾಲ್ ಬಳಿ ಇದ್ದು ಹೆಸರಿನಲ್ಲಿ ಮಾತ್ರ ಬೈಪಾಸ್ ಎಂದಿದ್ದರೆ, ಹೆಸರನ್ನೇ ಹೆಚ್ಚು ನಂಬಬೇಕು.

ಊರೊಳಗಿನ ರಸ್ತೆ, ಊರ ಹೊರಗಿನ ರಸ್ತೆ

ತುಮಕೂರಿನ ಗೊಂದಲದ ಬೇರು ಇರುವುದು ಎರಡು ರಸ್ತೆಗಳಲ್ಲಿ. ಬೆಂಗಳೂರಿನಿಂದ ಬರುವ ರಾಷ್ಟ್ರೀಯ ಹೆದ್ದಾರಿ 48 ನೆಲಮಂಗಲ, ದಾಬಸ್‌ಪೇಟೆ ದಾಟಿ ಕ್ಯಾತ್ಸಂದ್ರಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಹಳೆಯ ಬಿ.ಎಚ್. ರಸ್ತೆ ಬಟವಾಡಿ, ಎಸ್‌ಐಟಿ, ಭದ್ರಮ್ಮ ವೃತ್ತದ ಮೇಲೆ ಟೌನ್‌ಹಾಲ್ ಕಡೆಗೆ ಊರೊಳಗೆ ಹೋಗುತ್ತದೆ. ಹೆದ್ದಾರಿ ಊರನ್ನು ಬದಿಗೆ ಬಿಟ್ಟು ಅಂತರಸನಹಳ್ಳಿಯ ಬಳಿ ಊರಿನಿಂದ ಬರುವ ಶಿರಾ ರಸ್ತೆಯನ್ನು ಕೂಡಿಕೊಂಡು ಶಿರಾ, ಹಿರಿಯೂರು, ಚಿತ್ರದುರ್ಗದತ್ತ ಸಾಗುತ್ತದೆ. ಈ ಎರಡನೆಯದೇ ಬೈಪಾಸ್.

ಹುಬ್ಬಳ್ಳಿ, ಬೆಳಗಾವಿ, ಪುಣೆಯ ದೂರದ ಬಸ್ಸಿನ ಚಾಲಕನಿಗೆ ಊರೊಳಗೆ ನುಗ್ಗಿ ಬರಲು ಕಾರಣವೇ ಇಲ್ಲ. ರಾತ್ರಿಯಾದರೂ ಸಿಗ್ನಲ್, ತಿರುವು, ರಸ್ತೆ ಉಬ್ಬುಗಳೆಲ್ಲ ಸೇರಿ ಅವನ ಸಮಯ ತಿನ್ನುತ್ತವೆ. ಇಬ್ಬರು ಮೂವರಿಗಾಗಿ ಅವನು ಒಳಗೆ ಬರುವುದಿಲ್ಲ. ಆದ್ದರಿಂದ ಟಿಕೆಟ್‌ನಲ್ಲಿ ಯಾವ ಹೆಸರೇ ಇರಲಿ, ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಬಸ್ಸು ಊರೊಳಗೆ ಬರುತ್ತದೆಯೋ, ಬೈಪಾಸ್‌ನಲ್ಲಿ ಹೋಗುತ್ತದೆಯೋ? ಇದು ತಿಳಿದರೆ ಅರ್ಧ ಗೊಂದಲ ಬಗೆಹರಿದಂತೆ. ಶಿವಮೊಗ್ಗದ ಕಡೆಯ ಬಸ್ಸುಗಳದು ಬೇರೆ ಲೆಕ್ಕ. ಅವು ಗುಬ್ಬಿ ರಸ್ತೆ ಹಿಡಿಯಬೇಕಾದ್ದರಿಂದ ಅವುಗಳ ಪಟ್ಟಿಯಲ್ಲಿ ಗುಬ್ಬಿ ಗೇಟ್‌ನಂಥ ಹೆಸರುಗಳು ಬರಬಹುದು. ಇಲ್ಲಿ ಅವುಗಳನ್ನು ಬಿಟ್ಟು ಶಿರಾ ದಿಕ್ಕಿನ ಬಸ್ಸುಗಳನ್ನೇ ನೋಡೋಣ.

ಹೆಚ್ಚು ಜನ ಎಡವುವ ಹೆಸರುಗಳು ಎರಡು. ಮೊದಲನೆಯದು ಶಿರಾ ಗೇಟ್. ಊರಿನವರಿಗೆ ಶಿರಾ ಗೇಟ್ ಎಂದರೆ ಊರೊಳಗಿನ ಜಾಗ. ಬೈಪಾಸ್‌ನಲ್ಲಿ ಹೋಗುವ ಬಸ್ಸು ಅಲ್ಲಿಗೆ ಬರಲಾರದು. ಅದು ನಿಲ್ಲುವುದು ಶಿರಾ ರಸ್ತೆ ಹೆದ್ದಾರಿಯನ್ನು ಕೂಡುವ ಅಂತರಸನಹಳ್ಳಿಯ ಆಸುಪಾಸಿನಲ್ಲಿ. ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಪಟ್ಟಿ ತುಂಬಿದವರಿಗೆ ಈ ಅಂತರ ಕಾಣುವುದಿಲ್ಲ, ಅವರ ಲೆಕ್ಕದಲ್ಲಿ ಶಿರಾ ಕಡೆಗೆ ಹೊರಡುವ ಜಾಗವೆಲ್ಲ ಶಿರಾ ಗೇಟ್. ಎರಡನೆಯದು ಕ್ಯಾತ್ಸಂದ್ರ. ಕ್ಯಾತ್ಸಂದ್ರದ ವೃತ್ತವೂ ಕ್ಯಾತ್ಸಂದ್ರದ ಟೋಲೂ ಒಂದೇ ಜಾಗವಲ್ಲ. ಬೆಂಗಳೂರಿನಿಂದ ಬರುವ ಬಸ್ಸಿಗೆ ಟೋಲ್ ಮೊದಲು, ಊರು ಆಮೇಲೆ. ವೃತ್ತದಲ್ಲಿ ಇಳಿಸಿ ಹೋದ ಆಟೋ ಕತ್ತಲಲ್ಲಿ ಮತ್ತೆ ಸಿಗುವ ಭರವಸೆಯಿಲ್ಲ, ಲಗೇಜು ಹೊತ್ತು ಹೆದ್ದಾರಿಯಂಚಿನಲ್ಲಿ ಟೋಲ್‌ವರೆಗೆ ನಡೆಯುವುದು ಯಾರಿಗೂ ಬೇಡ.

ಸರ್ಕಾರಿ ಬಸ್ ನಿಲ್ದಾಣದಲ್ಲಿ ಕಾದರೆ ಈ ಬಸ್ಸುಗಳು ಬರುವುದಿಲ್ಲ ಎಂಬುದನ್ನು ಊರಿನ ಹಿರಿಯರಿಗೆ ಒಮ್ಮೆ ಬಿಡಿಸಿ ಹೇಳುವುದು ಒಳ್ಳೆಯದು. ಕೆಎಸ್‌ಆರ್‌ಟಿಸಿ ನಿಲ್ದಾಣ ನಿಗಮದ ಬಸ್ಸುಗಳಿಗೆ ಮೀಸಲು. ‘ತುಮಕೂರು ಬಸ್ ಸ್ಟ್ಯಾಂಡ್’ ಎಂದು ಖಾಸಗಿ ಟಿಕೆಟ್‌ನಲ್ಲಿ ಕಂಡರೂ ಅದು ಸುತ್ತಮುತ್ತಲಿನ ಯಾವುದೋ ರಸ್ತೆಬದಿಯೇ ಆಗಿರುತ್ತದೆ.

ಒಂದು ಟಿಕೆಟ್, ಮೂರು ವೇಳೆ, ಎರಡು ತಾರೀಖು

ಜಾಗದ ನಂತರದ ತೊಡಕು ವೇಳೆಯದು. ಹುಡುಕಾಟದ ಪುಟದಲ್ಲಿ ಬಸ್ಸಿನ ಹೆಸರಿನ ಪಕ್ಕ ಕಾಣುವ ದೊಡ್ಡಕ್ಷರದ ವೇಳೆ ನೀವು ಹತ್ತುವ ಜಾಗದ್ದೇ ಆಗಿರಬೇಕಿಲ್ಲ. ಊರ ಜಾತ್ರೆಯಲ್ಲಿ ಉತ್ಸವಮೂರ್ತಿ ದೇವಸ್ಥಾನದಿಂದ ಹೊರಡುವ ಹೊತ್ತು ಒಂದು, ನಿಮ್ಮ ಮನೆ ಬಾಗಿಲಿಗೆ ಬರುವ ಹೊತ್ತು ಇನ್ನೊಂದು. ಇದೂ ಹಾಗೆಯೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಶೋಕನಗರದ ಅಮ್ಮನೊಬ್ಬರು ಬೆಳಗಾವಿಯ ಮಗಳ ಮನೆಗೆ ಹೋಗಬೇಕು. ಬೆಂಗಳೂರಿನಲ್ಲಿರುವ ಮಗ ಟಿಕೆಟ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದಾನೆ. ಬಸ್ಸು 14ನೇ ತಾರೀಖು ಶುಕ್ರವಾರ ರಾತ್ರಿ 9.30ಕ್ಕೆ ಬೆಂಗಳೂರಿನ ಆನಂದರಾವ್ ವೃತ್ತದಿಂದ ಹೊರಡುತ್ತದೆ. ಯಶವಂತಪುರ, ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್, ಎಂಟನೇ ಮೈಲಿ ಎಂದು ಒಂದೊಂದೇ ಕಡೆ ಜನರನ್ನು ಹತ್ತಿಸಿಕೊಂಡು ತುಮಕೂರಿಗೆ ಬರುತ್ತದೆ. ತುಮಕೂರಿನ ಪಟ್ಟಿ ಹೀಗಿದೆ ಎನ್ನೋಣ:

```
Kyathsandra Toll    11:45 PM  14 Fri
Tumkur Bypass       11:55 PM  14 Fri
Sira Gate           12:10 AM  15 Sat
```

ಮೂರೂ ಒಂದೇ ಬಸ್ಸಿನವು, ಆದರೂ ಕೊನೆಯ ಸಾಲಿಗೆ ಬರುವಷ್ಟರಲ್ಲಿ ತಾರೀಖು ಬದಲಾಗಿದೆ. ಅಮ್ಮ ಶಿರಾ ಗೇಟ್ ಆಯ್ದುಕೊಂಡಿದ್ದರೆ ಅವರ ಟಿಕೆಟ್‌ನಲ್ಲಿ ಶನಿವಾರ ಎಂದಿರುತ್ತದೆ. ‘ಶನಿವಾರ ರಾತ್ರಿ ಹನ್ನೆರಡು’ ಎಂದು ನಮ್ಮ ರೂಢಿಯಂತೆ ಓದಿಕೊಂಡು ಶನಿವಾರ ಊಟ ಮುಗಿಸಿ ಹೊರಟರೆ, ಬಸ್ಸು ಹಿಂದಿನ ರಾತ್ರಿಯೇ ಹೋಗಿಯಾಗಿರುತ್ತದೆ. ಹೊರಡಬೇಕಾದದ್ದು ಶುಕ್ರವಾರ ರಾತ್ರಿ ಊಟವಾದ ಮೇಲೆ. ಮಧ್ಯರಾತ್ರಿಯ ನಂತರದ ಟಿಕೆಟ್ ಇದ್ದರೆ ಮನೆಯ ಕ್ಯಾಲೆಂಡರಿನಲ್ಲಿ ಹಿಂದಿನ ದಿನಕ್ಕೆ ಗುರುತು ಹಾಕಿಕೊಳ್ಳಿ. ಪ್ರಯಾಣದ ದಿನಾಂಕ ಎಂದು ಟಿಕೆಟ್‌ನ ಮೇಲ್ಭಾಗದಲ್ಲಿ ಒಂದು, ಹತ್ತುವ ಜಾಗದ ಪಕ್ಕ ಇನ್ನೊಂದು ತಾರೀಖು ಇದ್ದರೆ ಅದು ಮುದ್ರಣದ ತಪ್ಪಲ್ಲ. ಮೇಲಿನದು ಬಸ್ಸು ಬೆಂಗಳೂರು ಬಿಡುವ ದಿನವಾಗಿರಬಹುದು, ನಿಮಗೆ ಬೇಕಾದದ್ದು ಹತ್ತುವ ಜಾಗದ ಪಕ್ಕದ್ದು.

ಇನ್ನು ಆ 11.45, 11.55 ಎಂಬುವು ಎಷ್ಟು ಖಚಿತ? ಟ್ರಾವೆಲ್ಸ್‌ನವರು ಮೊದಲ ಜಾಗದ ವೇಳೆಗೆ ಇಷ್ಟಿಷ್ಟು ನಿಮಿಷ ಎಂದು ಕೂಡಿಸಿ ಬರೆದ ಅಂದಾಜು ಅದು. ಗೊರಗುಂಟೆಪಾಳ್ಯದಲ್ಲಿ ಹಬ್ಬದ ಹಿಂದಿನ ರಾತ್ರಿ ಬಸ್ಸು ಅರ್ಧ ಗಂಟೆ ಸಿಕ್ಕಿಕೊಳ್ಳುವುದು ಆ ಅಂದಾಜಿನಲ್ಲಿ ಇಲ್ಲ. ಮೊದಲ ಜಾಗದಲ್ಲಿ ಹತ್ತುವವರಿಗೆ ವೇಳೆ ಹೆಚ್ಚುಕಡಿಮೆ ಸರಿಯಾಗಿರುತ್ತದೆ, ತಡವೆಲ್ಲ ಸೇರಿಕೊಳ್ಳುವುದು ತುಮಕೂರಿನಂಥ ಕೊನೆಯ ಜಾಗಗಳಲ್ಲಿ. ಹಾಗೆಂದು ತಡವಾಗಿ ಹೋಗುವಂತಿಲ್ಲ. ರಜೆಯಿಲ್ಲದ ವಾರದ ನಡುವೆ ರಸ್ತೆ ಬಿಡುವಾಗಿದ್ದರೆ ಬಸ್ಸು ವೇಳೆಗೆ ಸರಿಯಾಗಿ ಬರುತ್ತದೆ, ಹೆದ್ದಾರಿಯ ಬದಿಯಲ್ಲಿ ಎರಡು ನಿಮಿಷ ನಿಂತು ಹೊರಟುಬಿಡುತ್ತದೆ. ಟಿಕೆಟ್‌ನಲ್ಲಿ ‘ರಿಪೋರ್ಟಿಂಗ್ ಟೈಮ್’ ಎಂದು ಹತ್ತು ಹದಿನೈದು ನಿಮಿಷ ಮೊದಲಿನ ವೇಳೆ ಕೊಟ್ಟಿರುವುದು ಇದಕ್ಕಾಗಿಯೇ.

ರಸ್ತೆಯ ಯಾವ ಬದಿ?

ಇದನ್ನು ಟಿಕೆಟ್ ಎಂದೂ ಹೇಳುವುದಿಲ್ಲ. ಅಮ್ಮ ಕ್ಯಾತ್ಸಂದ್ರದಲ್ಲಿ ಹತ್ತುವುದೆಂದು ಇಟ್ಟುಕೊಳ್ಳಿ. ಅಶೋಕನಗರದಿಂದ ಆಟೋ ಬಿ.ಎಚ್. ರಸ್ತೆಯಲ್ಲಿ ಬಟವಾಡಿ ದಾಟಿ ಬರುತ್ತದೆ. ಅಂದರೆ ಆಟೋ ಓಡುತ್ತಿರುವುದು ಬೆಂಗಳೂರಿನ ದಿಕ್ಕಿಗೆ. ಎಡಗಡೆ ನಿಲ್ಲಿಸಿ ಇಳಿಸಿದರೆ ಅವರು ನಿಂತಿರುವುದು ಬೆಂಗಳೂರಿಗೆ ಹೋಗುವ ವಾಹನಗಳ ಬದಿಯಲ್ಲಿ. ಅವರ ಬಸ್ಸು ಬರುವುದು ಬೆಂಗಳೂರಿನಿಂದ, ಅಂದರೆ ವಿಭಜಕದ ಆಚೆ ಬದಿಗೆ. ಕಣ್ಣೆದುರೇ ಬಸ್ಸು ನಿಂತು, ಹಾರ್ನ್ ಹೊಡೆದು, ಹೊರಟೂ ಹೋಗುವುದನ್ನು ಈಚೆಯಿಂದ ನೋಡಬೇಕಾಗುತ್ತದೆ. ಆ ಗಡಿಬಿಡಿಯಲ್ಲಿ ಹೆದ್ದಾರಿ ದಾಟಲು ಓಡುವುದಕ್ಕಿಂತ ಬಸ್ಸು ತಪ್ಪುವುದೇ ಮೇಲು. ಲಾರಿಗಳು ರಾತ್ರಿ ಯಾವ ವೇಗದಲ್ಲಿ ಬರುತ್ತವೆಂದು ಈ ರಸ್ತೆ ಬಲ್ಲವರಿಗೆ ಹೇಳಬೇಕಿಲ್ಲ.

ಆಟೋ ಹತ್ತುವಾಗಲೇ ಚಾಲಕನಿಗೆ ‘ಬೆಂಗಳೂರಿನಿಂದ ಶಿರಾ ಕಡೆಗೆ ಹೋಗುವ ಬಸ್ಸು, ಆ ಬದಿಗೆ ಇಳಿಸಿ’ ಎಂದು ಹೇಳಿದರೆ ಅವನು ಕೆಳಸೇತುವೆಯಲ್ಲೋ ತಿರುವಿನಲ್ಲೋ ಸುತ್ತಿಸಿ ಸರಿಯಾದ ಬದಿಗೆ ತಂದು ಬಿಡುತ್ತಾನೆ. ಅದಕ್ಕೆ ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದರೆ ಕೊಡಿ, ಚೌಕಾಸಿ ಮಾಡುವ ಜಾಗ ಇದಲ್ಲ. ಅಂತರಸನಹಳ್ಳಿಯಲ್ಲಿ ಹತ್ತುವವರಿಗೆ ಈ ತೊಂದರೆ ಕಡಿಮೆ. ಊರಿನಿಂದ ಶಿರಾ ರಸ್ತೆಯಲ್ಲಿ ಹೋಗುವವರೂ ಬಸ್ಸೂ ಒಂದೇ ದಿಕ್ಕಿಗೆ ಮುಖ ಮಾಡಿರುತ್ತಾರೆ. ಆದರೆ ಮೇಲ್ಸೇತುವೆ ಇರುವ ಕಡೆಗಳಲ್ಲೆಲ್ಲ ಇನ್ನೊಂದು ಪ್ರಶ್ನೆ ಬರುತ್ತದೆ: ಬಸ್ಸು ಸೇತುವೆಯ ಮೇಲೆ ಹೋಗುತ್ತದೆಯೋ, ಕೆಳಗಿನ ಸರ್ವಿಸ್ ರಸ್ತೆಗೆ ಇಳಿಯುತ್ತದೆಯೋ? ಮೇಲೆ ಹೋದ ಬಸ್ಸು ಕೆಳಗೆ ನಿಂತವರಿಗೆ ಕಾಣುವುದೂ ಇಲ್ಲ.

ಫೋನಿನಲ್ಲಿ ಕೇಳಬೇಕಾದದ್ದು

ಟಿಕೆಟ್‌ನಲ್ಲಿ ಎರಡು ಬಗೆಯ ಫೋನ್ ಸಂಖ್ಯೆಗಳು ಸಿಗುತ್ತವೆ. ಒಂದು ಆ್ಯಪ್‌ನ ಸಹಾಯವಾಣಿ. ಅವರಿಗೆ ಕ್ಯಾತ್ಸಂದ್ರ ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ, ಹಣದ ವಿಷಯಕ್ಕಷ್ಟೇ ಅವರು. ಇನ್ನೊಂದು ಟ್ರಾವೆಲ್ಸ್‌ನವರದು. ಜಾಗದ ವಿಷಯವನ್ನು ಇವರೊಂದಿಗೆ ಸಂಜೆಯೇ ಮಾತಾಡಿ ಮುಗಿಸಬೇಕು. ಬಸ್ಸು ಹೊರಡುವ ಹೊತ್ತಿಗೆ ಬಸ್ಸಿನ ಸಂಖ್ಯೆ, ಚಾಲಕ ಅಥವಾ ಅಟೆಂಡರ್‌ನ ಮೊಬೈಲ್ ಸಂಖ್ಯೆ ಸಾಮಾನ್ಯವಾಗಿ ಸಂದೇಶದಲ್ಲಿ ಬರುತ್ತವೆ. ಟಿಕೆಟ್ ಮಾಡಿದ್ದು ಮಗನಾದರೆ ಆ ಸಂದೇಶ ಹೋಗುವುದೂ ಮಗನ ಮೊಬೈಲಿಗೆ. ಹೆಚ್ಚಿನವರು ಮರೆಯುವುದು ಇದನ್ನೇ. ಪ್ರಯಾಣ ಮಾಡುವವರ ಸಂಖ್ಯೆಯನ್ನೇ ಟಿಕೆಟ್‌ಗೆ ಕೊಟ್ಟರೆ ನಡುರಾತ್ರಿಯ ಪರದಾಟ ತಪ್ಪುತ್ತದೆ.

ಮಾತಾಡುವಾಗ ‘ಬಸ್ಸು ಎಲ್ಲಿ ನಿಲ್ಲುತ್ತದೆ?’ ಎಂದರೆ ‘ಬೈಪಾಸ್‌ನಲ್ಲಿ’ ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ನೀವೇ ಜಾಗದ ಹೆಸರು ಹೇಳಿ ಕೇಳಬೇಕು.

‘ಅಣ್ಣಾ, ನಾನು ತುಮಕೂರಿನಲ್ಲಿ ಹತ್ತುವವಳು, ಹನ್ನೊಂದನೇ ಸೀಟು. ನೀವು ಟೋಲ್ ದಾಟಿದ ಕೂಡಲೇ ನಿಲ್ಲಿಸುತ್ತೀರೋ, ಕ್ಯಾತ್ಸಂದ್ರದ ಸೇತುವೆ ಹತ್ತಿರವೋ?’

‘ಟೋಲ್ ದಾಟಿ ಎಡಗಡೆ ನಿಲ್ಲಿಸುತ್ತೇವೆ ಅಮ್ಮಾ, ಸೇತುವೆ ಹತ್ತಿರ ನಿಲ್ಲಿಸುವುದಿಲ್ಲ.’

‘ಈಗ ಎಲ್ಲಿದ್ದೀರಿ?’

‘ನೆಲಮಂಗಲ ದಾಟಿದೆವು.’

ಈ ನಾಲ್ಕು ಮಾತಿನಲ್ಲಿ ಬೇಕಾದದ್ದೆಲ್ಲ ಇದೆ. ಎರಡು ಆಯ್ಕೆ ಕೊಟ್ಟು ಕೇಳಿದ್ದರಿಂದ ಅಟೆಂಡರ್ ಒಂದನ್ನು ಹೇಳಲೇಬೇಕಾಯಿತು. ಸೀಟು ಸಂಖ್ಯೆ ಹೇಳಿದ್ದರಿಂದ ಅವನ ಕೈಯಲ್ಲಿರುವ ಚಾರ್ಟ್‌ನಲ್ಲಿ, ಅಂದರೆ ಯಾರು ಎಲ್ಲಿ ಹತ್ತುತ್ತಾರೆಂಬ ಪಟ್ಟಿಯಲ್ಲಿ, ಅಮ್ಮನ ಹೆಸರಿನ ಮೇಲೆ ಕಣ್ಣು ಬಿತ್ತು. ನೆಲಮಂಗಲ ದಾಟಿದೆ ಎಂದರೆ ಇನ್ನು ಸುಮಾರು ನಲವತ್ತು ಕಿಲೋಮೀಟರ್, ರಾತ್ರಿ ಮುಕ್ಕಾಲು ಗಂಟೆಯ ದಾರಿ. ಮನೆಯಿಂದ ಆಗ ಹೊರಟರೆ ಸಾಕು. ದಾಬಸ್‌ಪೇಟೆ ದಾಟಿದೆ ಎಂದರೆ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಬಂದೇ ಬಿಡುತ್ತದೆ, ಆಗ ನೀವು ಹೆದ್ದಾರಿಯ ಬದಿಯಲ್ಲಿ ಇರಬೇಕು. ‘ಇನ್ನು ಹತ್ತು ನಿಮಿಷ’ ಎಂಬ ಮಾತಿಗಿಂತ ಊರಿನ ಹೆಸರನ್ನು ನಂಬುವುದು ಸುರಕ್ಷಿತ.

ಬಸ್ಸು ಎಲ್ಲಿದೆ ಎಂದು ತೋರಿಸುವ ಟ್ರ್ಯಾಕಿಂಗ್ ಕೊಂಡಿ ಬಂದಿದ್ದರೆ ಅದನ್ನೂ ನೋಡಿ, ಆದರೆ ಕೊನೆಯ ಬಾರಿ ಯಾವಾಗ ನವೀಕರಣವಾಯಿತು ಎಂಬ ಸಾಲಿನ ಮೇಲೆ ಒಂದು ಕಣ್ಣಿರಲಿ. ಅರ್ಧ ಗಂಟೆಯಿಂದ ಒಂದೇ ಕಡೆ ನಿಂತಿದ್ದರೆ ಬಸ್ಸು ನಿಂತಿರಬಹುದು, ಉಪಕರಣ ಸುಮ್ಮನಾಗಿರಬಹುದು, ಇಲ್ಲವೇ ಬಸ್ಸನ್ನೇ ಬದಲಾಯಿಸಿ ಬೇರೆ ಬಸ್ಸು ಕಳುಹಿಸಿರಬಹುದು. ಒಂದೇ ಟ್ರಾವೆಲ್ಸ್‌ನ, ಒಂದೇ ಬಣ್ಣದ ಎರಡು ಮೂರು ಬಸ್ಸುಗಳು ಅರ್ಧ ಗಂಟೆಯ ಅಂತರದಲ್ಲಿ ಈ ರಸ್ತೆಯಲ್ಲಿ ಹಾದುಹೋಗುವುದು ಮಾಮೂಲು. ಕೈ ತೋರಿಸುವ ಮೊದಲು ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. ಫಲಕದ ಮೇಲೆ ಕೆಎ ಬದಲು ನಾಗಾಲ್ಯಾಂಡಿನ `NL` ಕಂಡರೆ ಗಾಬರಿ ಬೇಡ, ಅಲ್ಲಿ ನೋಂದಣಿಯಾದ ಬಸ್ಸುಗಳು ದೇಶವೆಲ್ಲ ಓಡುತ್ತವೆ.

ಬೆಂಗಳೂರಿನ ಟಿಕೆಟ್, ತುಮಕೂರಿನಲ್ಲಿ ಹತ್ತುವುದು

ತುಮಕೂರಿನಿಂದ ಹುಡುಕಿದಾಗ ಸೀಟು ಕಾಣದೆ, ಬೆಂಗಳೂರಿನಿಂದ ಹುಡುಕಿದಾಗ ಕಂಡರೆ, ಅದನ್ನೇ ಮಾಡಿ ದಾರಿಯಲ್ಲಿ ಹತ್ತಿಕೊಳ್ಳುವ ಉಪಾಯವನ್ನು ಅನೇಕರು ಮಾಡುತ್ತಾರೆ. ಚಾರ್ಟ್‌ನಲ್ಲಿ ನಿಮ್ಮ ಹೆಸರು ಯಶವಂತಪುರದ ಕೆಳಗೆ ಇರುತ್ತದೆ. ಅಲ್ಲಿ ನೀವು ಬಾರದಿದ್ದರೆ ಅಟೆಂಡರ್ ಆ ಸೀಟಿಗೆ ‘ಬಂದಿಲ್ಲ’ ಎಂದು ಗುರುತು ಹಾಕುತ್ತಾನೆ, ತುಮಕೂರಿನಲ್ಲಿ ಯಾರೂ ಕಾಯುತ್ತಿಲ್ಲವೆಂದು ಬಸ್ಸು ನಿಲ್ಲದೆಯೂ ಹೋಗಬಹುದು. ಹೀಗೆ ಮಾಡುವುದಾದರೆ ಟ್ರಾವೆಲ್ಸ್‌ನವರಿಗೆ ಮೊದಲೇ ಫೋನ್ ಮಾಡಿ ಚಾರ್ಟ್‌ನಲ್ಲಿ ಹತ್ತುವ ಜಾಗವನ್ನು ಬದಲಿಸಿಕೊಳ್ಳಬೇಕು. ಕೆಲವು ಬಸ್ಸುಗಳಿಗೆ ಆ್ಯಪ್‌ನಲ್ಲಿಯೇ ಹತ್ತುವ ಜಾಗ ಬದಲಿಸುವ ಅವಕಾಶವಿರುತ್ತದೆ, ಅದೂ ಬಸ್ಸು ಹೊರಡುವ ಮೊದಲು ಮಾತ್ರ.

ಬಸ್ಸು ತಪ್ಪಿದರೆ ಹಣ?

ತಪ್ಪು ಯಾರದು ಎಂಬುದರ ಮೇಲೆ ಇದು ನಿಂತಿದೆ. ಪ್ರಯಾಣಿಕರು ತಪ್ಪು ಜಾಗದಲ್ಲಿ ಕಾದರೆ ತಾವು ಹೊಣೆಯಲ್ಲ, ಆ ಬಸ್ಸಿಗೆ ಹೊಸಬರಾದವರು ಟ್ರಾವೆಲ್ಸ್‌ಗೆ ಫೋನ್ ಮಾಡಿ ನಿಖರ ಜಾಗ ಕೇಳಿಕೊಳ್ಳಬೇಕು ಎಂದು ಟಿಕೆಟ್‌ನ ಕೆಳಗಿನ ಸಣ್ಣ ಅಕ್ಷರದ ಷರತ್ತುಗಳಲ್ಲಿ ಬರೆದಿರುವುದುಂಟು. ಶಿರಾ ಗೇಟ್ ಎಂದು ಟಿಕೆಟ್‌ನಲ್ಲಿದ್ದು ನೀವು ಕ್ಯಾತ್ಸಂದ್ರದಲ್ಲಿ ನಿಂತಿದ್ದರೆ ಹಣ ಮರಳುವ ಆಸೆ ಬೇಡ.

ಟಿಕೆಟ್‌ನಲ್ಲಿರುವ ಜಾಗದಲ್ಲಿಯೇ ನೀವು ವೇಳೆಗೆ ಮೊದಲು ನಿಂತಿದ್ದು ಬಸ್ಸು ನಿಲ್ಲಿಸದೆ ಹೋಯಿತೆಂದರೆ ಮಾತು ಬೇರೆ. ಆಗ ಸಿಟ್ಟಿಗಿಂತ ಸಾಕ್ಷಿ ಮುಖ್ಯ. ನಿಂತ ಜಾಗದ ಗುರುತು ಕಾಣುವಂತೆ, ಅಂದರೆ ಟೋಲ್‌ನ ಫಲಕವೋ ಅಂಗಡಿಯ ಹೆಸರೋ ಬರುವಂತೆ ಅಲ್ಲೇ ಒಂದು ಫೋಟೊ ತೆಗೆಯಿರಿ, ಫೋಟೊದಲ್ಲಿ ವೇಳೆ ತಾನಾಗಿ ದಾಖಲಾಗುತ್ತದೆ. ಅಟೆಂಡರ್‌ಗೆ ಮಾಡಿದ ಕರೆಗಳ ಪಟ್ಟಿಯನ್ನೂ ಬಂದ ಸಂದೇಶಗಳನ್ನೂ ಅಳಿಸಬೇಡಿ. ಅದೇ ರಾತ್ರಿ ಆ್ಯಪ್‌ನಲ್ಲಿ ದೂರು ದಾಖಲಿಸಿ ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ಇ-ವಾಣಿಜ್ಯಕ್ಕೆ ಸಂಬಂಧಿಸಿದ 2020ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಇಂಥ ಸಂಸ್ಥೆಗಳ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದೂ ಸಾಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಕೊಡಬಹುದು. ಟ್ರಾವೆಲ್ಸ್‌ನ ಕಚೇರಿ ಬೆಂಗಳೂರಿನಲ್ಲಿದ್ದರೂ, ಆ್ಯಪ್‌ನದು ಬೇರೆ ರಾಜ್ಯದಲ್ಲಿದ್ದರೂ ತುಮಕೂರಿನವರು ತುಮಕೂರಿನಲ್ಲಿಯೇ ಕೊಡಬಹುದು.